ಕಣ ಒಂದಾದರೂ ಕಡತ ಒಂದಾಗದು ಏಕೆ?

ಪ್ರಶ್ನೆ: ನಾಲ್ಕು ವರ್ಷದಿಂದ ಒಂದು ಶೂಟರ್ ಆಟವನ್ನು ಪ್ಲೇಸ್ಟೇಷನ್‌ನಲ್ಲಿ ಆಡುತ್ತಿದ್ದೇನೆ. ಕಂಪ್ಯೂಟರ್‌ನಲ್ಲಿ ಆಡುವ ಗೆಳೆಯನ ಜೊತೆ ಒಂದೇ ತಂಡದಲ್ಲಿ ಆಡಲು ಯಾವ ತೊಂದರೆಯೂ ಇಲ್ಲ. ಈಗ ನಾನೂ ಕಂಪ್ಯೂಟರ್ ಕೊಂಡು ಅದೇ ಆಟ ತೆರೆದರೆ ಮೊದಲನೆಯ ಹಂತದಿಂದ ಶುರು ಮಾಡಬೇಕಂತೆ! ಇನ್ನೊಂದು ಆಟದಲ್ಲಿ ಉಡುಪು, ಆಯುಧ ಎಲ್ಲವೂ ಬಂದವು, ದುಡ್ಡು ಕೊಟ್ಟು ಕೊಂಡಿದ್ದ ನಾಣ್ಯಗಳು ಮಾತ್ರ ಸೊನ್ನೆ. ಕ್ರಾಸ್‌ಪ್ಲೇ ಇದೆ ಎಂದ ಮೇಲೆ ಹೀಗೇಕೆ? ಇದು ದೋಷವೋ, ಬೇಕೆಂದೇ ಮಾಡಿದ್ದೋ?

ಉತ್ತರ: ನಾಣ್ಯ ಸೊನ್ನೆಯಾದದ್ದು ಬೇಕೆಂದೇ ಮಾಡಿದ್ದು. ಮೊದಲ ಆಟದ ತೊಂದರೆ ಎರಡರಲ್ಲಿ ಯಾವುದೂ ಆಗಿರಬಹುದು. ಆ ಆಟದಲ್ಲಿ ಕ್ರಾಸ್-ಪ್ರೊಗ್ರೆಷನ್ ಇಲ್ಲದೆಯೇ ಇರಬಹುದು, ಅಥವಾ ಇದ್ದರೂ ನೀವು ಕಂಪ್ಯೂಟರ್‌ನಲ್ಲಿ ಗೊತ್ತಿಲ್ಲದೆ ಹೊಸ ಖಾತೆಯೊಂದನ್ನು ತೆರೆದಿರಬಹುದು. ಅದನ್ನು ಪತ್ತೆ ಹಚ್ಚುವ ಬಗೆಯನ್ನು ಕೊನೆಗೆ ಹೇಳುತ್ತೇನೆ. ಅದಕ್ಕೂ ಮೊದಲು, ಕ್ರಾಸ್‌ಪ್ಲೇ ಎಂಬ ಒಂದೇ ಹೆಸರಿನಡಿ ನಾವು ಒಟ್ಟುಗೂಡಿಸಿಬಿಡುವ ಮೂರು ಸಂಗತಿಗಳನ್ನು ಬಿಡಿಸಿ ನೋಡಬೇಕು. ನಾನು ಆನ್‌ಲೈನ್ ಆಟಗಳ ಖಾತೆ ವ್ಯವಸ್ಥೆಯ ಮೇಲೆ ಬಹಳ ಕಾಲ ಕೆಲಸ ಮಾಡಿದ್ದೇನೆ. ನಮ್ಮಲ್ಲಿಗೆ ಬರುತ್ತಿದ್ದ ದೂರುಗಳಲ್ಲಿ ದೊಡ್ಡ ಪಾಲು ಈ ಮೂರನ್ನು ಒಂದೇ ಎಂದು ತಿಳಿದದ್ದರಿಂದ ಹುಟ್ಟಿದವು, ಮತ್ತು ಅದರಲ್ಲಿ ಆಟಗಾರರ ತಪ್ಪೇನೂ ಇರಲಿಲ್ಲ. ಜಾಹೀರಾತುಗಳು ಈ ವ್ಯತ್ಯಾಸವನ್ನು ಎಂದೂ ಬಿಡಿಸಿ ಹೇಳುವುದಿಲ್ಲ.

ಆ ಮೂರನ್ನು ನಾನು ಕಣ, ಕಡತ, ಕಿಸೆ ಎಂದು ಕರೆಯುತ್ತೇನೆ. ಬೇರೆ ಬೇರೆ ಯಂತ್ರಗಳ ಆಟಗಾರರು ಒಂದೇ ಕಣಕ್ಕಿಳಿದು ಆಡುವುದು ಕ್ರಾಸ್‌ಪ್ಲೇ. ನಿಮ್ಮ ಹಂತ, ಪಾತ್ರ, ಗಳಿಸಿದ ವಸ್ತುಗಳನ್ನು ಬರೆದಿಟ್ಟ ಕಡತ ನೀವು ಯಾವ ಯಂತ್ರದ ಮುಂದೆ ಕುಳಿತರೂ ಅದೇ ಆಗಿರುವುದು ಕ್ರಾಸ್-ಪ್ರೊಗ್ರೆಷನ್. ದುಡ್ಡು ಕೊಟ್ಟು ಕೊಂಡ ನಾಣ್ಯಗಳಿರುವ ಕಿಸೆ ಮೂರನೆಯದು. ಕಡತ ಒಂದಾದರೆ ಕಿಸೆಯೂ ಒಂದಾಗುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ, ಆದರೆ ಅದು ಬೇರೆಯೇ ನಿಯಮಗಳಿಗೆ ಒಳಪಟ್ಟಿದೆ.

ಕಣ ಮತ್ತು ಕಡತ ಒಂದನ್ನೊಂದು ಅವಲಂಬಿಸಿಲ್ಲ ಎಂಬುದಕ್ಕೆ ಎರಡು ಪ್ರಸಿದ್ಧ ಆಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಡೆಸ್ಟಿನಿ 2 ಆಟಕ್ಕೆ 2019ರ ಆಗಸ್ಟ್‌ನಲ್ಲಿ ಕ್ರಾಸ್ ಸೇವ್ ಬಂದಿತು. ಒಂದೇ ಪಾತ್ರವನ್ನು ಪ್ಲೇಸ್ಟೇಷನ್‌ನಲ್ಲೂ ಎಕ್ಸ್‌ಬಾಕ್ಸ್‌ನಲ್ಲೂ ಕಂಪ್ಯೂಟರ್‌ನಲ್ಲೂ ಆಡಬಹುದಾಯಿತು. ಆದರೆ ಆ ಯಂತ್ರಗಳ ಆಟಗಾರರು ಒಟ್ಟಿಗೆ ಆಡಲು 2021ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಏಪೆಕ್ಸ್ ಲೆಜೆಂಡ್ಸ್‌ನಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಅಲ್ಲಿ 2020ರ ಅಕ್ಟೋಬರ್‌ನಲ್ಲೇ ಕ್ರಾಸ್‌ಪ್ಲೇ ಬಂದಿತು, ಕ್ರಾಸ್-ಪ್ರೊಗ್ರೆಷನ್ ಬರಲಾರಂಭಿಸಿದ್ದು 2023ರ ಕೊನೆಯಲ್ಲಿ. ಅಂದರೆ ಮೂರು ವರ್ಷ ಅಲ್ಲಿನ ಆಟಗಾರರು ಇಂದು ನೀವಿರುವ ಸ್ಥಿತಿಯಲ್ಲೇ ಇದ್ದರು: ಗೆಳೆಯರೆಲ್ಲ ಜೊತೆಗಿದ್ದಾರೆ, ಯಂತ್ರ ಬದಲಿಸಿದರೆ ಗಳಿಕೆ ಜೊತೆಗಿಲ್ಲ.

ಕಾರಣ ಸರ್ವರ್‌ನ ಕೆಲಸದಲ್ಲಿದೆ. ನೀವು ಆಟ ತೆರೆದಾಗ ನಿಮ್ಮ ಕನ್ಸೋಲ್ ಒಂದು ಗುರುತಿನ ಚೀಟಿಯನ್ನು ಆಟದ ಸರ್ವರ್‌ಗೆ ಕಳಿಸುತ್ತದೆ. ಇಂಥ ಪ್ಲೇಸ್ಟೇಷನ್ ಖಾತೆಯವರು ಬಂದಿದ್ದಾರೆ ಎಂದು ಅದು ಸಾರುತ್ತದೆ. ಆಟಗಾರರನ್ನು ಜೋಡಿಸುವ ಸರ್ವರ್‌ಗೆ ಅಷ್ಟೇ ಸಾಕು. ಎಲ್ಲರ ಬಳಿ ಆಟದ ಒಂದೇ ಆವೃತ್ತಿ ಇದೆಯೇ, ಕೌಶಲದ ಮಟ್ಟ ಹೊಂದುತ್ತದೆಯೇ, ಅಂತರ್ಜಾಲದ ವಿಳಂಬ ಸಹಿಸುವಷ್ಟಿದೆಯೇ ಎಂದು ನೋಡಿ ಅದು ಕಣಕ್ಕೆ ಇಳಿಸುತ್ತದೆ. ಪಂದ್ಯ ಮುಗಿದರೆ ಅದರ ಕೆಲಸವೂ ಮುಗಿಯಿತು. ನಿನ್ನೆ ಪ್ಲೇಸ್ಟೇಷನ್‌ನಿಂದ ಬಂದವರೂ ಇಂದು ಕಂಪ್ಯೂಟರ್‌ನಿಂದ ಬಂದವರೂ ಒಬ್ಬರೇ ಎಂದು ಅದಕ್ಕೆ ತಿಳಿಯಬೇಕಾದ ಅಗತ್ಯವೇ ಇಲ್ಲ.

ಕಡತಕ್ಕೆ ಬೇಕಿರುವುದು ಆ ತಿಳಿವಳಿಕೆಯೇ. ಅದಕ್ಕಾಗಿ ಕನ್ಸೋಲ್‌ಗಳ ಖಾತೆಗಳಿಗಿಂತ ಮೇಲೆ ಆಟದ ಪ್ರಕಾಶಕರದೇ ಒಂದು ಖಾತೆ ಇರಬೇಕು. ಎಪಿಕ್ ಖಾತೆ, ಆಕ್ಟಿವಿಷನ್ ಖಾತೆ, ಬ್ಯಾಟಲ್.ನೆಟ್ ಖಾತೆ ಎಂದು ಕೇಳುತ್ತಾರಲ್ಲ, ಅವೆಲ್ಲ ಇದಕ್ಕಾಗಿಯೇ. ನಿಮ್ಮ ಪ್ಲೇಸ್ಟೇಷನ್ ಗುರುತು, ಎಕ್ಸ್‌ಬಾಕ್ಸ್ ಗುರುತು, ಕಂಪ್ಯೂಟರ್ ಆಟಗಳ ಅಂಗಡಿಯಾದ ಸ್ಟೀಮ್‌ನ ಗುರುತು ಎಲ್ಲವನ್ನೂ ಅದಕ್ಕೆ ಜೋಡಿಸಿ, ಕಡತವನ್ನು ಅದರ ಹೆಸರಿನಲ್ಲಿ ಬರೆಯುತ್ತಾರೆ. ಮೊದಲ ದಿನದಿಂದಲೇ ಹೀಗೆ ಕಟ್ಟಿದ ಆಟದಲ್ಲಿ ಇದು ಸುಲಭ. ನಾಲ್ಕೈದು ವರ್ಷ ಕನ್ಸೋಲ್ ಗುರುತಿನ ಹೆಸರಲ್ಲೇ ಕಡತ ಬರೆದು, ಆಮೇಲೆ ಎಲ್ಲವನ್ನೂ ಒಂದುಗೂಡಿಸ ಹೊರಟರೆ ಅದು ಭಾರೀ ಕೆಲಸ. ಕೋಟಿಗಟ್ಟಲೆ ಕಡತಗಳಲ್ಲಿ ಒಬ್ಬ ಮನುಷ್ಯನ ಎರಡು ಮೂರು ಕಡತಗಳನ್ನು ಹುಡುಕಿ ಸೇರಿಸಬೇಕು.

ಸೇರಿಸುವುದು ಎಂದರೆ ಕೂಡಿಸುವುದಲ್ಲ ಎಂಬುದು ಇಲ್ಲಿನ ನಿಜವಾದ ಕಷ್ಟ. ಒಂದು ಕಡತದಲ್ಲಿ ನೀವು 200ನೆಯ ಹಂತದಲ್ಲಿದ್ದೀರಿ, ಇನ್ನೊಂದರಲ್ಲಿ 40ನೆಯದರಲ್ಲಿ. ಕೂಡಿಸಿದರೆ 240 ಆಗಬೇಕೇ? ಒಂದೇ ಅಪರೂಪದ ಆಯುಧ ಎರಡರಲ್ಲೂ ಇದೆ, ಆದರೆ ಆಟದ ನಿಯಮದಂತೆ ಒಬ್ಬನ ಬಳಿ ಒಂದೇ ಇರಬೇಕು. ಒಂದು ಕಡತದ ಕಥೆಯಲ್ಲಿ ಸತ್ತ ಪಾತ್ರ ಇನ್ನೊಂದರಲ್ಲಿ ಬದುಕಿದೆ. ಡೆಸ್ಟಿನಿ 2 ಇದಕ್ಕೆ ಕಠಿಣವಾದರೂ ಪ್ರಾಮಾಣಿಕವಾದ ದಾರಿ ಹಿಡಿಯಿತು. ಅದು ಯಾವುದನ್ನೂ ಬೆರೆಸಲಿಲ್ಲ. ನಿಮ್ಮ ಖಾತೆಗಳಲ್ಲಿ ಒಂದರ ಪಾತ್ರಗಳನ್ನು ಆರಿಸಿಕೊಳ್ಳಿ, ಎಲ್ಲ ಕಡೆಯೂ ಅವೇ ಕಾಣುತ್ತವೆ, ಉಳಿದ ಖಾತೆಗಳ ಪಾತ್ರಗಳು ಬಳಕೆಗೆ ಬಾರದಂತೆ ಬದಿಗೆ ಸರಿಯುತ್ತವೆ ಎಂದಿತು. ರಾಕೆಟ್ ಲೀಗ್ 2020ರಲ್ಲಿ ಉಚಿತ ಆಟವಾದಾಗ ಮಧ್ಯದ ದಾರಿಯೊಂದನ್ನು ಆರಿಸಿತು. ಜೋಡಿಸಿದ ಖಾತೆಗಳ ವಸ್ತುಗಳು ಒಂದೆಡೆ ಸೇರುತ್ತವೆ, ಆದರೆ ಹಂತ ಮತ್ತು ಶ್ರೇಣಿ ನೀವು ಮುಖ್ಯ ಎಂದು ಆರಿಸಿದ ಒಂದು ಪ್ಲಾಟ್‌ಫಾರ್ಮ್‌ನದೇ. ನನ್ನ ಅಭಿಪ್ರಾಯ ಕೇಳಿದರೆ, ಆಟಗಾರನಿಗೆ ಆಯ್ಕೆ ಕೊಡದೆ ಗುಟ್ಟಾಗಿ ಬೆರೆಸುವುದಕ್ಕಿಂತ ಈ ಎರಡೂ ಮೇಲು. ತಪ್ಪಾಗಿ ಬೆರೆತ ಕಡತವನ್ನು ಮತ್ತೆ ಬಿಡಿಸುವುದು ಎಷ್ಟು ಕಷ್ಟ ಎಂದು ನಾನು ಹತ್ತಿರದಿಂದ ಕಂಡಿದ್ದೇನೆ.

ಇಷ್ಟು ತಾಂತ್ರಿಕ ಭಾಗ. ಕಷ್ಟವಿದೆ, ಆದರೆ ಬಿಡಿಸಲಾಗದ ಗಂಟೇನಲ್ಲ. ಹಾಗಾದರೆ ತಾಂತ್ರಿಕವಾಗಿ ಸಿದ್ಧವಿದ್ದ ಆಟಗಳೂ ಏಕೆ ತಡೆದವು? ಇದಕ್ಕೆ ಫೋರ್ಟ್‌ನೈಟ್‌ನ ಕಥೆಯಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. ಆಗ ತೆರೆಮರೆಯಲ್ಲಿ ನಡೆದ ಮಾತುಕತೆಯ ಕೆಲವು ಕಾಗದಗಳು ಮುಂದೆ ನ್ಯಾಯಾಲಯದ ಮೂಲಕ ಹೊರಬಿದ್ದದ್ದರಿಂದ ಊಹೆಯ ಅಗತ್ಯವೂ ಇಲ್ಲ.

2017ರ ಸೆಪ್ಟೆಂಬರ್‌ನಲ್ಲಿ ಫೋರ್ಟ್‌ನೈಟ್ ಆಡುತ್ತಿದ್ದ ಕೆಲವರಿಗೆ ಒಂದು ವಿಚಿತ್ರ ಕಂಡಿತು. ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಆಟಗಾರರು ಒಂದೇ ಪಂದ್ಯದಲ್ಲಿ ಎದುರಾಗಿದ್ದರು. ಆ ಎರಡರ ನಡುವೆ ಕ್ರಾಸ್‌ಪ್ಲೇ ಆಗ ಇರಲಿಲ್ಲ. ಆಟದ ತಯಾರಕರಾದ ಎಪಿಕ್ ಸಂಸ್ಥೆ ಅದನ್ನು ಕೂಡಲೇ ನಿಲ್ಲಿಸಿ, ಸಂರಚನೆಯಲ್ಲಿ ಆದ ತಪ್ಪು ಎಂದಿತು. ಇದರ ಅರ್ಥವನ್ನು ಗಮನಿಸಿ. ಸರ್ವರ್‌ನ ಸಿದ್ಧತೆಯಲ್ಲಿ ಏನೋ ಒಂದು ಆಯ್ಕೆ ತಪ್ಪಿದ್ದಕ್ಕೆ ಎರಡು ಕನ್ಸೋಲ್‌ಗಳ ಜನ ಒಟ್ಟಿಗೆ ಆಡಿಬಿಟ್ಟರು. ಕಣ ಸಿದ್ಧವಿತ್ತು, ಬಾಗಿಲಿಗೆ ಬೀಗ ಮಾತ್ರ ಇತ್ತು.

ಮರುವರ್ಷ ಜೂನ್‌ನಲ್ಲಿ ಆಟ ನಿಂಟೆಂಡೊ ಸ್ವಿಚ್‌ಗೆ ಬಂದಾಗ ಬೀಗ ಎಲ್ಲರಿಗೂ ಕಾಣಿಸಿತು. ಪ್ಲೇಸ್ಟೇಷನ್‌ಗೆ ಒಮ್ಮೆ ಜೋಡಿಸಿದ್ದ ಎಪಿಕ್ ಖಾತೆಯಿಂದ ಸ್ವಿಚ್‌ನಲ್ಲಿ ಒಳಗೆ ಹೋಗಲು ಆಗುತ್ತಲೇ ಇರಲಿಲ್ಲ. ಅದೇ ಖಾತೆ ಕಂಪ್ಯೂಟರ್‌ನಲ್ಲಿ ಮತ್ತು ಮೊಬೈಲ್‌ನಲ್ಲಿ ಚೆನ್ನಾಗಿ ನಡೆಯುತ್ತಿತ್ತು. ತಡೆ ಇದ್ದದ್ದು ಎದುರಾಳಿ ಕನ್ಸೋಲ್‌ಗಳಿಗೆ ಮಾತ್ರ. ಜೋಡಣೆ ಬಿಡಿಸಿದರೂ ಪ್ರಯೋಜನವಾಗಲಿಲ್ಲ. ಬೇರೆ ದಾರಿಯಿಲ್ಲದೆ ಲೆಕ್ಕವಿಲ್ಲದಷ್ಟು ಜನ ಸ್ವಿಚ್‌ಗಾಗಿ ಇನ್ನೊಂದು ಎಪಿಕ್ ಖಾತೆ ತೆರೆದರು. ಒಬ್ಬೊಬ್ಬರಿಗೂ ಎರಡೆರಡು ಕಡತಗಳಾದವು.

2018ರ ಸೆಪ್ಟೆಂಬರ್ 26ರಂದು ಪ್ಲೇಸ್ಟೇಷನ್ ತಯಾರಿಸುವ ಸೋನಿ ಪಟ್ಟು ಸಡಿಲಿಸಿತು. ಫೋರ್ಟ್‌ನೈಟ್‌ನಿಂದ ಶುರು ಮಾಡಿ ಪ್ರಾಯೋಗಿಕವಾಗಿ ಎಲ್ಲ ಪ್ಲಾಟ್‌ಫಾರ್ಮ್‌ಗಳ ಜೊತೆ ಬಾಗಿಲು ತೆರೆಯುವುದಾಗಿ ಪ್ರಕಟಿಸಿತು. ಆ ಪ್ರಕಟಣೆಯಲ್ಲಿ ಮೂರು ವಿಷಯಗಳನ್ನು ಬೇರೆ ಬೇರೆಯಾಗಿಯೇ ಹೆಸರಿಸಿದ್ದರು: ಆಟ, ಪ್ರಗತಿ ಮತ್ತು ವ್ಯಾಪಾರ. ನಾನು ಕಣ, ಕಡತ, ಕಿಸೆ ಎಂದದ್ದು ಇವನ್ನೇ. ಸಂಸ್ಥೆಗಳು ಮೂರನ್ನೂ ಮೂರು ಪ್ರತ್ಯೇಕ ಅನುಮತಿಗಳಾಗಿ ಚೌಕಾಸಿ ಮಾಡುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆ ಹೊತ್ತಿಗೆ ಹುಟ್ಟಿಕೊಂಡಿದ್ದ ಎರಡೆರಡು ಕಡತಗಳನ್ನು ಸೇರಿಸಲು ಎಪಿಕ್ 2019ರಲ್ಲಿ ಖಾತೆ ವಿಲೀನದ ಸೌಲಭ್ಯವನ್ನು ಕೆಲವು ತಿಂಗಳ ಮಟ್ಟಿಗೆ ನಡೆಸಬೇಕಾಯಿತು. ಬೀಗದಿಂದಾಗಿ ಹುಟ್ಟಿದ ಕೆಲಸವದು.

ಬೀಗ ಹಾಕಿದ್ದೇಕೆ ಎಂಬುದು ಬೆಳಕಿಗೆ ಬಂದದ್ದು 2021ರ ಮೇ ತಿಂಗಳಲ್ಲಿ, ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ. ಸಾಕ್ಷ್ಯವಾಗಿ ಸಲ್ಲಿಸಿದ ಪತ್ರಗಳಲ್ಲಿ 2018ರಲ್ಲಿ ಎಪಿಕ್‌ನವರು ಸೋನಿಯವರಿಗೆ ಕ್ರಾಸ್‌ಪ್ಲೇ ಕೇಳಿ ಬರೆದದ್ದೂ ಇತ್ತು, ಬಂದ ಉತ್ತರವೂ ಇತ್ತು. ಇದರಿಂದ ಪ್ಲೇಸ್ಟೇಷನ್ ವ್ಯಾಪಾರಕ್ಕೆ ಏನು ಲಾಭ ಎಂದು ಈವರೆಗೆ ಯಾವ ಸಂಸ್ಥೆಯೂ ವಿವರಿಸಲು ಆಗಿಲ್ಲ ಎಂಬುದು ಆ ಉತ್ತರದ ತಿರುಳು. ಕೇಳಲು ಒರಟಾಗಿದೆ, ಆದರೆ ಅದರ ಹಿಂದಿನ ಲೆಕ್ಕವನ್ನು ಅರ್ಥ ಮಾಡಿಕೊಳ್ಳದೆ ನಿಮ್ಮ ಸೊನ್ನೆಯಾದ ನಾಣ್ಯಗಳು ಅರ್ಥವಾಗುವುದಿಲ್ಲ.

ಕನ್ಸೋಲ್ ತಯಾರಕರ ಗಳಿಕೆಯ ದೊಡ್ಡ ಭಾಗ ಯಂತ್ರದ ಮಾರಾಟದಿಂದ ಬರುವುದಿಲ್ಲ. ಅವರ ಅಂಗಡಿಯಲ್ಲಿ ನಡೆಯುವ ಪ್ರತಿ ಖರೀದಿಯಿಂದ ಸಾಮಾನ್ಯವಾಗಿ ಶೇಕಡ 30ರಷ್ಟು ಅವರ ಪಾಲಿಗೆ ಹೋಗುತ್ತದೆ. ಉಚಿತ ಆಟಗಳಲ್ಲಿ ಖರೀದಿ ಎಂದರೆ ಉಡುಪು, ನಾಣ್ಯ ಮುಂತಾದವು. ಕಣ, ಕಡತ, ಕಿಸೆ ಮೂರೂ ಒಂದಾದ ಆಟದಲ್ಲಿ ಏನಾಗುತ್ತದೆ ನೋಡಿ. ಒಬ್ಬ ಆಟಗಾರ ದಿನವೂ ಮೂರು ಗಂಟೆ ಪ್ಲೇಸ್ಟೇಷನ್‌ನಲ್ಲಿ ಆಡುತ್ತಾನೆ. ನಾಣ್ಯವನ್ನು ಮಾತ್ರ ಮೊಬೈಲ್‌ನಲ್ಲಿ ಕೊಳ್ಳುತ್ತಾನೆ, ಏಕೆಂದರೆ ಕೈಗೆ ಸುಲಭ. ಅವನು ಆಡಲು ನೆಲ ಕೊಟ್ಟವರಿಗೆ ಬಿಡಿಗಾಸಿಲ್ಲ, ಮೊಬೈಲ್ ಅಂಗಡಿಯವರಿಗೆ ಪೂರ್ತಿ ಪಾಲು.

ಈ ಸೋರಿಕೆಯನ್ನು ತಡೆಯಲು ಸೋನಿ ಒಂದು ಸೂತ್ರ ಮಾಡಿಕೊಂಡಿತ್ತು. ಮೊಕದ್ದಮೆಯಲ್ಲಿ ಹೊರಬಂದ 2019ರ ದಾಖಲೆಯಲ್ಲಿ ಅದಿದೆ. ಒಂದು ಆಟದ ಒಟ್ಟು ಆದಾಯದಲ್ಲಿ ಪ್ಲೇಸ್ಟೇಷನ್ ಅಂಗಡಿಯಿಂದ ಬಂದ ಪಾಲನ್ನು, ಆ ಆಟದ ಒಟ್ಟು ಆಟದಲ್ಲಿ ಪ್ಲೇಸ್ಟೇಷನ್‌ನಲ್ಲಿ ನಡೆದ ಪಾಲಿನಿಂದ ಭಾಗಿಸುವುದು. ಬಂದ ಸಂಖ್ಯೆ ಯಾವುದೇ ತಿಂಗಳಲ್ಲಿ 0.85ಕ್ಕಿಂತ ಕಡಿಮೆಯಾದರೆ, ಪ್ರಕಾಶಕರು ಸೋನಿಗೆ ಪರಿಹಾರ ಕೊಡಬೇಕು.

ಒಂದು ಲೆಕ್ಕ ಹಾಕೋಣ. ಒಂದು ಆಟದ ಒಟ್ಟು ಆಟದ ಸಮಯದಲ್ಲಿ ಶೇಕಡ 60 ಪ್ಲೇಸ್ಟೇಷನ್‌ನಲ್ಲಿ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಅದೇ ತಿಂಗಳ ಆದಾಯದಲ್ಲಿ ಪ್ಲೇಸ್ಟೇಷನ್ ಅಂಗಡಿಯ ಪಾಲು ಶೇಕಡ 54 ಇದ್ದರೆ, 54 ÷ 60 = 0.9. ಗಡಿ ದಾಟಿಲ್ಲ, ಯಾರೂ ಯಾರಿಗೂ ಏನೂ ಕೊಡಬೇಕಿಲ್ಲ. ಮುಂದಿನ ತಿಂಗಳು ಜನ ಆಡುವುದು ಅಷ್ಟೇ ಇದೆ, ಆದರೆ ಮೊಬೈಲ್‌ನಲ್ಲಿ ಕೊಳ್ಳುವವರು ಹೆಚ್ಚಿ ಪ್ಲೇಸ್ಟೇಷನ್ ಅಂಗಡಿಯ ಪಾಲು 45ಕ್ಕೆ ಇಳಿಯಿತು. 45 ÷ 60 = 0.75. ಈಗ ಪರಿಹಾರ ಕೊಡಬೇಕು. ಈ ಆಟಕ್ಕೆ ಗಡಿ ಎಲ್ಲಿದೆ ಎಂದರೆ 60ರ 0.85 ಪಾಲು, ಅಂದರೆ 51ರಲ್ಲಿ. ಅದರ ಕೆಳಗೆ ಇಳಿದರೆ ಕ್ರಾಸ್‌ಪ್ಲೇ ಎಂಬ ಸೌಲಭ್ಯಕ್ಕೆ ಪ್ರಕಾಶಕರೇ ದುಡ್ಡು ತೆರಬೇಕಾಗುತ್ತದೆ.

ಕ್ರಾಸ್‌ಪ್ಲೇಗೆ ಹೀಗೆ ಪರಿಹಾರ ಕೇಳಿದ್ದು ಸೋನಿ ಒಂದೇ ಎಂದು ಎಪಿಕ್‌ನ ಮುಖ್ಯಸ್ಥ ಟಿಮ್ ಸ್ವೀನಿ ನ್ಯಾಯಾಲಯದಲ್ಲಿ ಹೇಳಿದರು. ಅದೇ ದಾಖಲೆಯಲ್ಲಿ ಇನ್ನೆರಡು ಷರತ್ತುಗಳಿದ್ದವು. ಒಂದು, ಆಟದೊಳಗಿನ ನಾಣ್ಯವನ್ನು ಪ್ಲೇಸ್ಟೇಷನ್‌ನಿಂದ ಹೊರಕ್ಕಾಗಲಿ ಹೊರಗಿನಿಂದ ಪ್ಲೇಸ್ಟೇಷನ್‌ಗಾಗಲಿ ಸಾಗಿಸುವಂತಿಲ್ಲ. ಎರಡು, ಬೇರೆ ಪ್ಲಾಟ್‌ಫಾರ್ಮ್‌ನವರೊಂದಿಗಿನ ಒಡನಾಟವನ್ನು ಪೂರ್ತಿ ನಿಲ್ಲಿಸುವ ಆಯ್ಕೆ ಆಟದಲ್ಲಿ ಇರಬೇಕು. ಎರಡನೆಯದು ಆಟಗಾರನ ಹಿತಕ್ಕೂ ಒಳ್ಳೆಯದೇ. ಮೊದಲನೆಯದು ನಿಮ್ಮ ಎರಡನೆಯ ಪ್ರಶ್ನೆಯ ಬೇರು.

ಇದು ಒಂದೇ ಸಂಸ್ಥೆಯ ರೀತಿ ಎಂದು ತಿಳಿಯುವುದು ಬೇಡ. ಫೋರ್ಟ್‌ನೈಟ್‌ನಲ್ಲಿ ನಾಣ್ಯದ ಕಿಸೆಯನ್ನು ಹಲವು ಪ್ಲಾಟ್‌ಫಾರ್ಮ್‌ಗಳಿಗೆ ಒಂದಾಗಿಸಿದ ಮೇಲೂ ಸ್ವಿಚ್‌ನಲ್ಲಿ ಕೊಂಡ ವಿ-ಬಕ್ಸ್ ಸ್ವಿಚ್‌ನಲ್ಲೇ ಉಳಿಯುತ್ತಿತ್ತು. ಡೆಸ್ಟಿನಿ 2 ಆಟದ ಸಿಲ್ವರ್ ಎಂಬ ನಾಣ್ಯವನ್ನೂ ಕೊಂಡ ಪ್ಲಾಟ್‌ಫಾರ್ಮ್‌ನಲ್ಲೇ ಖರ್ಚು ಮಾಡಬೇಕು. ಆದರೆ ಎರಡೂ ಆಟಗಳಲ್ಲಿ ಆ ನಾಣ್ಯದಿಂದ ಕೊಂಡ ಉಡುಪು, ಅಲಂಕಾರಗಳು ಎಲ್ಲೆಡೆ ಕಾಣಿಸುತ್ತವೆ. ಇದು ಮೊದಲ ನೋಟಕ್ಕೆ ಅರ್ಥಹೀನ ಎನಿಸುತ್ತದೆ. ಒಳಗಿನಿಂದ ನೋಡಿದರೆ ತರ್ಕವಿದೆ.

ಆಟದ ಲೆಕ್ಕದ ಪುಸ್ತಕದಲ್ಲಿ ನಿಮ್ಮ ನಾಣ್ಯ ಒಂದೇ ಮೊತ್ತವಾಗಿ ಇರುವುದಿಲ್ಲ. ಯಾವ ಅಂಗಡಿಯಿಂದ ಬಂದದ್ದು ಎಂಬ ಗುರುತಿನೊಂದಿಗೆ ಬೇರೆ ಬೇರೆ ಸಾಲುಗಳಲ್ಲಿ ಇರುತ್ತದೆ. ಆಡಿ ಗಳಿಸಿದ ನಾಣ್ಯಕ್ಕೆ ಮತ್ತೊಂದು ಸಾಲು. ನೀವು ಯಾವ ಯಂತ್ರದಿಂದ ಬಂದಿದ್ದೀರೋ ಆ ಯಂತ್ರಕ್ಕೆ ಸಲ್ಲುವ ಸಾಲುಗಳನ್ನು ಮಾತ್ರ ಕೂಡಿಸಿ ಪರದೆಯ ಮೇಲೆ ತೋರಿಸುತ್ತಾರೆ. ಹೀಗಾಗಿ ನಿಮ್ಮ ನಾಣ್ಯ ಅಳಿದಿಲ್ಲ, ಕಂಪ್ಯೂಟರ್‌ನಲ್ಲಿ ತೋರಿಸುತ್ತಿಲ್ಲ ಅಷ್ಟೇ. ಖರ್ಚಾಗದ ನಾಣ್ಯ ಎಂದರೆ ಎಲ್ಲಿ ಬೇಕಾದರೂ ಖರ್ಚಾಗಬಹುದಾದ ದುಡ್ಡು. ಅದನ್ನು ಹೊರಗೆ ಬಿಟ್ಟರೆ ಅಂಗಡಿಗಳ ನಡುವೆ ದುಡ್ಡು ಹರಿದಂತೆ. ಉಡುಪಾಗಿ ಮಾರ್ಪಟ್ಟ ನಾಣ್ಯ ಮುಗಿದ ವ್ಯವಹಾರ, ಅಂಗಡಿಯವನಿಗೆ ತನ್ನ ಪಾಲು ಸಂದಾಗಿದೆ. ಇದರ ಜೊತೆಗೆ ಹಣ ಮರುಪಾವತಿಯ ತೊಡಕೂ ಇದೆ. ಒಂದು ಅಂಗಡಿಯಲ್ಲಿ ಕೊಂಡ ನಾಣ್ಯವನ್ನು ಇನ್ನೊಂದರಲ್ಲಿ ಖರ್ಚು ಮಾಡಿ, ಆಮೇಲೆ ಮೊದಲ ಅಂಗಡಿಯಿಂದ ದುಡ್ಡು ವಾಪಸ್ ಪಡೆದರೆ ಯಾರು ಯಾರಿಂದ ಏನನ್ನು ಹಿಂದಕ್ಕೆ ಪಡೆಯಬೇಕು? ನಾವು ಈ ಪ್ರಶ್ನೆಯ ಮೇಲೆ ಕಳೆದ ದಿನಗಳು ಒಂದೆರಡಲ್ಲ. ಮೂಲದ ಗುರುತು ಇಟ್ಟುಕೊಳ್ಳದೆ ಅದಕ್ಕೆ ಪರಿಹಾರವಿಲ್ಲ.

ಆಟದ ವಿಸ್ತರಣೆಗಳ ಪರವಾನಗಿಯೂ ಇದೇ ಜಾತಿಗೆ ಸೇರಿದ್ದು. ಡೆಸ್ಟಿನಿ 2 ಆಟದ ವಿಸ್ತರಣೆಯನ್ನು ಒಂದು ಪ್ಲಾಟ್‌ಫಾರ್ಮ್‌ನಲ್ಲಿ ಕೊಂಡರೆ ಪಾತ್ರ ಎಲ್ಲೆಡೆ ಬರುತ್ತದೆ, ಆ ವಿಸ್ತರಣೆಯ ಕಥಾಭಾಗವನ್ನು ಇನ್ನೊಂದು ಕಡೆ ಆಡಬೇಕಾದರೆ ಅಲ್ಲಿಯೂ ಕೊಳ್ಳಬೇಕು. ಇದು ನನಗೆ ಇಂದಿಗೂ ಸರಿ ಕಾಣುವುದಿಲ್ಲ. ನಾಣ್ಯದ ವಿಷಯದಲ್ಲಿ ಹೇಳಿದ ಮುಗಿದ ವ್ಯವಹಾರದ ತರ್ಕವನ್ನೇ ಇಲ್ಲಿ ಹಿಡಿದರೆ ವಿಸ್ತರಣೆಯೂ ಮುಗಿದ ವ್ಯವಹಾರವೇ ತಾನೆ? ಕೊಂಡವನ ಜೊತೆ ಅದೂ ಬರಬೇಕು. ಬಾರದಿರುವುದಕ್ಕೆ ಅಂಗಡಿಗಳ ನಡುವಿನ ಒಪ್ಪಂದಗಳಲ್ಲದೆ ಬೇರೆ ಕಾರಣವನ್ನು ನಾನು ಕಂಡಿಲ್ಲ.

ಎಲ್ಲ ತಡೆಗಳೂ ದುಡ್ಡಿಗಾಗಿಯೇ ಎಂದರೆ ಅನ್ಯಾಯವಾಗುತ್ತದೆ. ಕಣದ ವಿಷಯದಲ್ಲಿ ಮೂರು ಪ್ರಾಮಾಣಿಕ ಕಾರಣಗಳಿವೆ.

ಮೊದಲನೆಯದು ಕೈಯಲ್ಲಿರುವ ಸಾಧನ. ಮೌಸ್ ಹಿಡಿದವನು ಗುರಿಯನ್ನು ನೇರವಾಗಿ ತಿರುಗಿಸುತ್ತಾನೆ. ಕಂಟ್ರೋಲರ್ ಹಿಡಿದವನು ಹೆಬ್ಬೆರಳಿನಿಂದ ತಳ್ಳುತ್ತಾನೆ, ಅದಕ್ಕೆ ಆಟವೇ ಗುರಿ ಹಿಡಿಯಲು ಸ್ವಲ್ಪ ನೆರವು ಕೊಡುತ್ತದೆ. ನೆರವು ಹೆಚ್ಚಾದರೆ ಮೌಸ್‌ನವರು ದೂರುತ್ತಾರೆ, ಕಡಿಮೆಯಾದರೆ ಕಂಟ್ರೋಲರ್‌ನವರು ಸೋಲುತ್ತಾರೆ. ಓವರ್‌ವಾಚ್ 2 ಆಟ ಸ್ಪರ್ಧಾತ್ಮಕ ಪಂದ್ಯಗಳಲ್ಲಿ ಕಂಪ್ಯೂಟರ್ ಮತ್ತು ಕನ್ಸೋಲ್ ಆಟಗಾರರನ್ನು ಬೇರೆ ಇರಿಸಿ, ಶ್ರೇಣಿಯನ್ನೂ ಎರಡು ಕಡೆಗೆ ಬೇರೆ ಬೇರೆಯಾಗಿ ಲೆಕ್ಕ ಹಾಕುವ ವ್ಯವಸ್ಥೆಯೊಂದಿಗೆ ಬಂದಿತು. ಉಡುಪುಗಳು ಮಾತ್ರ ಎಲ್ಲೆಡೆ ಒಂದೇ. ಡೆಸ್ಟಿನಿ 2 ಕೂಡ ಆಟಗಾರರು ಪರಸ್ಪರ ಹೋರಾಡುವ ಪಂದ್ಯಗಳಲ್ಲಿ ಕನ್ಸೋಲ್‌ನವರನ್ನು ಕಂಪ್ಯೂಟರ್‌ನವರ ಎದುರು ತಾನಾಗಿ ನಿಲ್ಲಿಸುವುದಿಲ್ಲ. ಕಂಪ್ಯೂಟರ್‌ನ ಗೆಳೆಯನನ್ನು ನೀವೇ ತಂಡಕ್ಕೆ ಕರೆದರೆ ಅವರ ಕಣಕ್ಕೆ ಹೋಗುತ್ತೀರಿ. ನನಗೆ ಇದು ನ್ಯಾಯವಾದ ಏರ್ಪಾಡು ಎನಿಸುತ್ತದೆ. ಕಂಪ್ಯೂಟರ್‌ನಲ್ಲಿ ಮೋಸದ ಪ್ರೋಗ್ರಾಂ ಓಡಿಸುವುದು ಮುಚ್ಚಿದ ಕನ್ಸೋಲ್‌ಗಿಂತ ಬಹಳ ಸುಲಭ ಎಂಬುದೂ ಇದೇ ವಿಂಗಡಣೆಗೆ ಬಲ ಕೊಡುತ್ತದೆ.

ಎರಡನೆಯದು ಆವೃತ್ತಿ. ಕಂಪ್ಯೂಟರ್‌ಗೆ ತಿದ್ದುಪಡಿಯೊಂದನ್ನು ಇಂದೇ ಬಿಡಬಹುದು. ಕನ್ಸೋಲ್‌ನಲ್ಲಿ ತಯಾರಕರ ಪರೀಕ್ಷೆ ಮುಗಿಯಬೇಕು, ಮೊಬೈಲ್‌ನಲ್ಲಿ ಅಂಗಡಿಯ ಪರಿಶೀಲನೆ ಆಗಬೇಕು. ಈ ನಡುವೆ ಎರಡು ಕಡೆ ಎರಡು ಆವೃತ್ತಿಗಳಿದ್ದರೆ, ಒಂದರಲ್ಲಿ ಆಯುಧದ ಬಲ ಬದಲಾಗಿ ಇನ್ನೊಂದರಲ್ಲಿ ಬದಲಾಗದೆ ಇದ್ದರೆ, ಒಟ್ಟಿಗೆ ಆಡಿಸುವುದು ಸಾಧ್ಯವೇ ಇಲ್ಲ. ಹೀಗಾಗಿ ಕ್ರಾಸ್‌ಪ್ಲೇ ಇರುವ ಆಟಗಳು ಎಲ್ಲ ಕಡೆಯೂ ಸಿದ್ಧವಾಗುವವರೆಗೆ ತಿದ್ದುಪಡಿಯನ್ನು ತಡೆದು ಒಂದೇ ದಿನ ಬಿಡಲು ಯತ್ನಿಸುತ್ತವೆ. ಸಣ್ಣ ತಂಡಗಳಿಗೆ ಇದು ನಿಜಕ್ಕೂ ಹೊರೆ.

ಮೂರನೆಯದು, ಒಂದೇ ಹೆಸರಿನಲ್ಲಿ ಎರಡು ಬೇರೆ ಆಟಗಳು ಇರುವುದು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಮತ್ತು ಬೆಡ್‌ರಾಕ್ ಆವೃತ್ತಿ ಬೇರೆ ಬೇರೆ ಪ್ರೋಗ್ರಾಂಗಳು. ಬೆಡ್‌ರಾಕ್ ಕನ್ಸೋಲ್, ಮೊಬೈಲ್, ಕಂಪ್ಯೂಟರ್‌ಗಳ ನಡುವೆ ಆಡಿಸುತ್ತದೆ, ಆದರೆ ಅದೇ ಕಂಪ್ಯೂಟರ್‌ನಲ್ಲಿರುವ ಜಾವಾ ಆವೃತ್ತಿಯವರೊಂದಿಗೆ ಸೇರುವುದಿಲ್ಲ. ಕೊಳ್ಳುವ ಮೊದಲು ಎರಡರ ಹೆಸರನ್ನು ನೋಡದೆ ನಿರಾಶರಾದವರು ಬಹಳ.

ಈಗ ನಿಮ್ಮ ತೊಂದರೆಗೆ ಬರುತ್ತೇನೆ. ಪರದೆಯ ಮೇಲೆ ಕಾಣುವುದರಿಂದಲೇ ಬೀಗ ಎಲ್ಲಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಗೆಳೆಯನ ಹೆಸರು ಕಾಣುತ್ತದೆ, ಸೇರಲು ಹೋದರೆ ಆಗುವುದಿಲ್ಲ, ಒಬ್ಬರೇ ಆಡಿದರೆ ಎಲ್ಲ ಸರಿ ಎಂದಾದರೆ ಅದು ಕಣದ ತೊಂದರೆ. ಇಬ್ಬರ ಆವೃತ್ತಿ ಬೇರೆ ಇರಬೇಕು, ಅಥವಾ ಒಬ್ಬರ ಕಡೆ ಕ್ರಾಸ್‌ಪ್ಲೇ ಆಯ್ಕೆ ಮುಚ್ಚಿರಬೇಕು. ಎಕ್ಸ್‌ಬಾಕ್ಸ್‌ನಲ್ಲಿ ಈ ಆಯ್ಕೆ ಆಟದೊಳಗಲ್ಲದೆ ಖಾತೆಯ ಖಾಸಗಿತನದ ವಿಭಾಗದಲ್ಲೂ ಇದೆ. ಮಕ್ಕಳ ಖಾತೆ ಇದ್ದರೆ ಅಲ್ಲಿ ನೋಡುವುದನ್ನು ಮರೆಯಬೇಡಿ. ಹಂತ, ಉಡುಪು ಎಲ್ಲ ಇದ್ದು ನಾಣ್ಯ ಮಾತ್ರ ಇಲ್ಲದಿದ್ದರೆ ಅದು ಕಿಸೆಯ ನಿಯಮ, ಎಷ್ಟು ದೂರು ಕೊಟ್ಟರೂ ಬದಲಾಗದು. ಪಾತ್ರ ಇದ್ದು ಕಥೆಯ ಒಂದು ಭಾಗಕ್ಕೆ ಮಾತ್ರ ಬೀಗ ಕಂಡರೆ ಅದು ಪರವಾನಗಿ.

ಎಲ್ಲವೂ ಸೊನ್ನೆ, ಮೊದಲನೆಯ ಹಂತ ಎಂದಾದರೆ, ಅಂದರೆ ನಿಮ್ಮ ಮೊದಲ ಪ್ರಶ್ನೆಯ ಸಂದರ್ಭದಲ್ಲಿ, ಕಂಪ್ಯೂಟರ್‌ನಲ್ಲಿ ಮುಂದೆ ಆಡುವುದನ್ನು ಈಗಲೇ ನಿಲ್ಲಿಸಿ. ಆಡಿದಷ್ಟೂ ಆ ಎರಡನೆಯ ಕಡತ ದಪ್ಪವಾಗುತ್ತದೆ. ಪ್ರಕಾಶಕರ ಜಾಲತಾಣಕ್ಕೆ ಹೋಗಿ ನಿಮ್ಮ ಪ್ಲೇಸ್ಟೇಷನ್ ಖಾತೆಯ ಮೂಲಕ ಪ್ರವೇಶಿಸಿ. ಅಲ್ಲಿ ಜೋಡಿಸಿದ ಖಾತೆಗಳ ಪಟ್ಟಿ ಇರುತ್ತದೆ. ಅದರಲ್ಲಿ ಪ್ಲೇಸ್ಟೇಷನ್ ಇದ್ದು ಸ್ಟೀಮ್ ಇಲ್ಲದಿದ್ದರೆ, ಕಂಪ್ಯೂಟರ್‌ನಲ್ಲಿ ಮೊದಲ ಬಾರಿ ಆಟ ತೆರೆದಾಗ ಬಂದ ಪ್ರಶ್ನೆಗೆ ನೀವು ಹೊಸ ಖಾತೆ ತೆರೆಯುವ ಆಯ್ಕೆಯನ್ನು ಒತ್ತಿದ್ದೀರಿ ಎಂದರ್ಥ. ಹತ್ತರಲ್ಲಿ ಒಂಬತ್ತು ಜನ ಒತ್ತುವುದು ಅದನ್ನೇ, ಏಕೆಂದರೆ ದೊಡ್ಡ ಅಕ್ಷರದಲ್ಲಿ ಇರುವುದು ಅದೇ. ಈಗ ಸ್ಟೀಮ್ ಗುರುತನ್ನು ಆ ಹೊಸ ಖಾತೆಯಿಂದ ಬಿಡಿಸಿ ಹಳೆಯ ಖಾತೆಗೆ ಜೋಡಿಸಬೇಕು. ಬಿಡಿಸುವ ಮೊದಲು ಅಲ್ಲಿ ಬರೆದಿರುವ ನಿಯಮವನ್ನು ಪೂರ್ತಿ ಓದಿ. ಒಮ್ಮೆ ಬಿಡಿಸಿದರೆ ಮತ್ತೆ ಜೋಡಿಸಲು ದೀರ್ಘ ಕಾಲ ಕಾಯಿಸುವ ಪ್ರಕಾಶಕರಿದ್ದಾರೆ, ಒಂದೇ ಬಗೆಯ ಎರಡನೆಯ ಖಾತೆಯನ್ನು ಜೋಡಿಸಲು ಬಿಡದವರೂ ಇದ್ದಾರೆ. ಯಾವುದೇ ಕಾರಣಕ್ಕೂ ಪ್ಲೇಸ್ಟೇಷನ್ ಗುರುತನ್ನು ಹಳೆಯ ಖಾತೆಯಿಂದ ಬಿಡಿಸಬೇಡಿ. ನಾಲ್ಕು ವರ್ಷದ ಕಡತ ಇರುವುದು ಆ ಖಾತೆಯ ಹೆಸರಿನಲ್ಲಿ.

ಜೋಡಿಸಿದ ಖಾತೆಗಳ ಪುಟವೇ ಇಲ್ಲದಿದ್ದರೆ, ಅಥವಾ ಅದು ಇದ್ದು ಎರಡೂ ಗುರುತುಗಳು ಒಂದೇ ಖಾತೆಯಲ್ಲಿದ್ದರೂ ಕಡತ ಬೇರೆಯಾಗಿಯೇ ಕಂಡರೆ, ಆ ಆಟದಲ್ಲಿ ಕ್ರಾಸ್-ಪ್ರೊಗ್ರೆಷನ್ ಇನ್ನೂ ಬಂದಿಲ್ಲ. ಆಗ ಮಾಡಬಹುದಾದದ್ದು ಕಾಯುವುದು ಮಾತ್ರ. ಕಾಯುವಾಗ ಕಂಪ್ಯೂಟರ್‌ನ ಕಡತದಲ್ಲಿ ದುಡ್ಡು ಹಾಕಬೇಡಿ. ಮುಂದೆ ವಿಲೀನ ಬಂದಾಗ ಎರಡರಲ್ಲಿ ಒಂದನ್ನು ಆರಿಸಿ ಎಂದು ಕೇಳಿದರೆ ಬದಿಗೆ ಸರಿಯುವ ಕಡತ ಅದೇ ಆಗಿರುತ್ತದೆ.

ಎರಡನೆಯ ಆಟದ ನಾಣ್ಯಗಳಿಗೆ ಉಪಾಯ ಸುಲಭ. ಪ್ಲೇಸ್ಟೇಷನ್‌ನಲ್ಲಿ ಒಮ್ಮೆ ಒಳಗೆ ಹೋಗಿ, ಅಲ್ಲಿಯ ಅಂಗಡಿಯಲ್ಲಿ ನಿಮಗೆ ಬೇಕಿರುವ ಉಡುಪನ್ನೋ ಅಲಂಕಾರವನ್ನೋ ಕೊಂಡು ಅವನ್ನು ಮುಗಿಸಿ. ಆ ವಸ್ತು ಎಲ್ಲ ಕಡೆ ಬರುತ್ತದೆಯೇ ಎಂದು ವಿವರಣೆಯಲ್ಲಿ ಮೊದಲು ನೋಡಿಕೊಳ್ಳಿ, ಒಂದೇ ಪ್ಲಾಟ್‌ಫಾರ್ಮ್‌ಗೆ ಮೀಸಲಾದ ವಸ್ತುಗಳೂ ಇರುತ್ತವೆ. ಹಳೆಯ ಕನ್ಸೋಲನ್ನು ಮಾರುವ ಯೋಚನೆ ಇದ್ದರೆ ಈ ಕೆಲಸವನ್ನು ಮುಗಿಸಿಯೇ ಮಾರಿ. ನಾಣ್ಯ ಇರುವುದು ಯಂತ್ರದಲ್ಲಲ್ಲ, ಖಾತೆಯಲ್ಲಿ. ಆದರೆ ಅದನ್ನು ಖರ್ಚು ಮಾಡಲು ಆ ಖಾತೆಯಿಂದ ಆಟ ತೆರೆಯಬಲ್ಲ ಪ್ಲೇಸ್ಟೇಷನ್ ಒಂದು ನಿಮ್ಮ ಮುಂದೆ ಇರಲೇಬೇಕು.